ಅರೆಕೆರೆಯ ಬೇವಿನ ಮರ ಮತ್ತು ಉಮಾಶ್ರೀಯ ಫೋನು

ಉಮಾಶ್ರೀ ಇಂಡಿ ತಾಲ್ಲೂಕಿನವಳು. ವಿಜಯಪುರದಲ್ಲಿ ಸಸ್ಯಶಾಸ್ತ್ರ ಓದಿ, ಗುರುಸಿದ್ದನನ್ನು ಮದುವೆಯಾಗಿ, ಬಿಟಿಎಂ ಲೇಔಟಿನ ಒಂದು ಮಹಡಿ ಮನೆಗೆ ಬಾಡಿಗೆಗೆ ಬಂದಳು. ಗುರುಸಿದ್ದ ಲಿಫ್ಟ್ ರಿಪೇರಿ ಕೆಲಸದವನು. ಇವಳು ಕೆಲವು ಕಾಲ ಒಂದು ಆಫೀಸಿನ ರಿಸೆಪ್ಷನ್ನಿನಲ್ಲಿ ಕೂತಳು. ಕೂತಲ್ಲೇ ಕೂರುವುದು ಆಗಿಬರಲಿಲ್ಲ. ಆಮೇಲೆ ಮರಗಳ ಸರ್ವೆ ಮಾಡುವ ಒಂದು ಸಣ್ಣ ಕಂಪನಿ ಸೇರಿದಳು. ಬೀದಿ ಬೀದಿ ಅಲೆದು ಪ್ರತಿ ಮರದ ಜಾತಿ, ಸುತ್ತಳತೆ, ಫೋಟೊ ಮತ್ತು ಅದು ನಿಂತಿರುವ ಜಾಗವನ್ನು ಟ್ಯಾಬ್‌ನಲ್ಲಿ ದಾಖಲಿಸುವ ಕೆಲಸ. ಬಿಸಿಲು ಅವಳಿಗೆ ಹೊಸದಲ್ಲ. ಅವಳು ಉಳಿದಳು.

ಅರೆಕೆರೆಗೆ ಅವಳನ್ನು ಕಳಿಸಿದ್ದು ಒಂದು ತಂಟೆಯಿಂದಾಗಿ. ಅಲ್ಲಿನ ಒಂದು ಅಡ್ಡರಸ್ತೆಯನ್ನು ಅಗಲ ಮಾಡಲಿಕ್ಕಿತ್ತು. ಮೊದಲು ಬೇರೆ ತಂಡವೊಂದು ಸರ್ವೆ ಮಾಡಿ ಹೋಗಿತ್ತು. ಆಫೀಸಿನಲ್ಲಿ ಕೂತವರು ಮರದ ಚುಕ್ಕೆಗಳನ್ನು ರಸ್ತೆಯ ನಕ್ಷೆಯ ಮೇಲೆ ಹಾಕಿ, ಗೆರೆಯೊಳಗೆ ಬಿದ್ದವನ್ನೆಲ್ಲ ಕಡಿಯುವ ಮರ ಎಂದು ಗುರುತು ಮಾಡಿದ್ದರು. ಹಾಗೆ ಅಂಜನಮ್ಮನ ಹಿತ್ತಲ ಹಲಸಿನ ಮರಕ್ಕೆ ನೋಟಿಸು ಬಂದಿತ್ತು.

ಅಂಜನಮ್ಮ ಹಳೇ ಅರೆಕೆರೆಯವರು. ಒಂದು ಕಾಲಕ್ಕೆ ರಾಗಿ ಬೆಳೆದ ಹೊಲದಲ್ಲಿ ಈಗ ಅವರ ಮೂರು ಬಾಡಿಗೆ ಮನೆಗಳಿದ್ದವು. ಹಲಸು ಮನೆಯ ಹಿಂದಿತ್ತು, ರಸ್ತೆ ಮನೆಯ ಮುಂದಿತ್ತು. ಉಮಾಶ್ರೀ ಗೇಟು ತೆರೆದು ಒಳಗೆ ಬಂದಾಗ ಅವರು ನೋಟಿಸನ್ನು ಕೈಯಲ್ಲಿ ಹಿಡಿದೇ ನಿಂತಿದ್ದರು.

"ಈ ಮರ ಎದ್ದು ರಸ್ತೆಗೆ ನಡ್ಕೊಂಡ್ ಹೋಯ್ತಾ ಅಂತ ಕೇಳ್ಬೇಕಿತ್ತು ಕಣಮ್ಮ. ಯಾರನ್ನ ಕೇಳ್ಲಿ? ಬಂದೋರೆಲ್ಲ ಮೇಲಿನೋರ್ನ ಕೇಳಿ ಅಂತಾರೆ."

"ಅದನ್ನ ನೋಡಾಕ ಬಂದೀನ್ರಿ ಅಮ್ಮಾರ," ಎಂದಳು ಉಮಾಶ್ರೀ.

ಹಲಸಿನ ಬುಡದಲ್ಲಿ ನಿಂತು ಅವಳು ಟ್ಯಾಬ್ ತೆರೆದಳು. ನಿಂತ ಜಾಗ ತೋರಿಸುವ ನೀಲಿ ಚುಕ್ಕೆ ರಸ್ತೆಯ ನಡುವೆ ಕೂತಿತ್ತು. ಹಿತ್ತಿಲ ಇನ್ನೊಂದು ಮೂಲೆಗೆ ಹೋದಳು. ಅದು ಒಮ್ಮೆಲೇ ಪಕ್ಕದ ಬೀದಿಗೆ ಹಾರಿತು. ಅವಳಿಗೆ ಕಾರಣ ಗೊತ್ತಾಯಿತು. ಕಂಪನಿ ಕೊಟ್ಟಿದ್ದು ಸಿಮ್ಮೂ ಇಲ್ಲದ, ಜಿಪಿಎಸ್ಸೂ ಇಲ್ಲದ ಅಗ್ಗದ ಟ್ಯಾಬ್. ಅದು ಆಕಾಶದ ಉಪಗ್ರಹಗಳನ್ನು ಕೇಳುತ್ತಿರಲಿಲ್ಲ. ಸುತ್ತಲ ಮನೆಗಳ ವೈಫೈ ಪೆಟ್ಟಿಗೆಗಳ ಹೆಸರು ಹಿಡಿದು, ಇಂಥವು ಇಂಥಲ್ಲಿ ಇರುತ್ತವೆ ಎಂಬ ಹಳೆಯ ಲೆಕ್ಕದಿಂದ ತಾನು ಎಲ್ಲಿದ್ದೇನೆಂದು ಊಹೆ ಮಾಡುತ್ತಿತ್ತು. ಬೀದಿ ಯಾವುದೆಂದು ಹೇಳಲು ಅಷ್ಟು ಸಾಕು. ಮರ ಬೇಲಿಯ ಯಾವ ಕಡೆಗಿದೆ ಎನ್ನಲು ಸಾಲದು.

ಅವಳ ಸ್ವಂತ ಫೋನಿನಲ್ಲಿ ಜಿಪಿಎಸ್ ಇತ್ತು. ಆದರೆ ಸರ್ವೆಯ ಆ್ಯಪ್ ಕಂಪನಿಯ ಟ್ಯಾಬ್‌ಗಳಲ್ಲಿ ಮಾತ್ರ ತೆರೆಯುತ್ತಿತ್ತು. ಹಾಗಾದರೆ ಫೋನಿಗೆ ತಿಳಿದದ್ದನ್ನು ಟ್ಯಾಬ್‌ಗೆ ಹೇಳಿಸಬೇಕು. ಹವ್ಯಾಸಕ್ಕೆ ನಕ್ಷೆ ಮಾಡುವವರ ಒಂದು ಆನ್‌ಲೈನ್ ಗುಂಪಿನಲ್ಲಿ ಅವಳು ಇಂಥದ್ದನ್ನು ಓದಿದ್ದಳು. ಆ ಭಾನುವಾರ ಗುರುಸಿದ್ದನನ್ನು ಕೂರಿಸಿಕೊಂಡು ಪ್ರಯತ್ನಿಸಿದಳು. ಫೋನಿನಲ್ಲಿ ಒಂದು ಆ್ಯಪ್. ಅದು ಉಪಗ್ರಹಗಳಿಂದ ಸಿಕ್ಕ ಜಾಗವನ್ನು ಬ್ಲೂಟೂತ್ ಮೂಲಕ ಸೆಕೆಂಡಿಗೊಮ್ಮೆ ಕಳಿಸುತ್ತದೆ. ಟ್ಯಾಬ್‌ನಲ್ಲಿ ಅದನ್ನು ಪಡೆಯುವ ಇನ್ನೊಂದು ಆ್ಯಪ್. ಕೊನೆಗೆ ಟ್ಯಾಬ್‌ನ ಸೆಟ್ಟಿಂಗಿನೊಳಗೆ ಡೆವಲಪರ್ ಆಪ್ಷನ್ಸ್ ತೆರೆದು, 'ಮಾಕ್ ಲೊಕೇಶನ್', ಎಂದರೆ ನಕಲಿ ಜಾಗ, ಎಂಬಲ್ಲಿ ಆ ಎರಡನೆಯ ಆ್ಯಪನ್ನು ಆರಿಸಬೇಕು. ಅಲ್ಲಿಂದ ಟ್ಯಾಬ್ ತನ್ನ ಊಹೆ ಬಿಟ್ಟು ಫೋನಿನ ಮಾತನ್ನೇ ತನ್ನ ಜಾಗವೆಂದು ಎಲ್ಲ ಆ್ಯಪ್‌ಗಳಿಗೂ ಹೇಳುತ್ತದೆ. ತಾರಸಿಯ ಮೇಲೆ ಇಬ್ಬರೂ ನಡೆದು ನೋಡಿದರು. ಚುಕ್ಕೆಯೂ ಜೊತೆಗೆ ನಡೆಯಿತು.

ಮೇಲ್ವಿಚಾರಕ ಚಿದಾನಂದ್ ಒಪ್ಪಲಿಲ್ಲ. ಕಂಪನಿಯ ಆ್ಯಪ್ ಹೀಗೆ ಬಂದ ಜಾಗವನ್ನು ಗುರುತಿಸಿ ತಿರಸ್ಕರಿಸುವಂತೆ ಮಾಡಿಟ್ಟಿದ್ದರು. ಮನೆಯಲ್ಲೇ ಕೂತು ಸರ್ವೆ ಮಾಡಿದಂತೆ ತೋರಿಸುವವರನ್ನು ಹಿಡಿಯಲು ಆ ತಡೆ.

"ಹೆಸರೇ ಮಾಕ್ ಅಂತಿದೆಯಲ್ಲ ಉಮಾಶ್ರೀ. ನಾಳೆ ಸುಳ್ಳು ಲೊಕೇಶನ್ ಹಾಕಿದ್ರು ಅಂತ ಯಾರಾದ್ರೂ ಅಂದ್ರೆ ನಾನೇನ್ ಹೇಳ್ಲಿ?"

"ಸುಳ್ಳು ಹಾಕಾಕೂ ಅದ ಬಾಗಿಲ್ರಿ ಸರ್, ಖರೇ ಹಾಕಾಕೂ ಅದ ಬಾಗಿಲು. ಯಾರು ಒಳಗ ಬಂದ್ರು ಅನ್ನೂದು ನೀವ ಬಂದು ನೋಡ್ರಿ."

ಚಿದಾನಂದ್ ಬಂದ. ಉಪಗ್ರಹ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ ಒಂದು ಕೂಡುರಸ್ತೆಯ ಮೂಲೆಯಲ್ಲಿ ನಿಂತು, ಮೊದಲು ಟ್ಯಾಬ್‌ನ ಊಹೆಯನ್ನೂ ಆಮೇಲೆ ಫೋನಿನ ಮಾತನ್ನೂ ಹೋಲಿಸಿದ. ಹೆಚ್ಚು ಮಾತಾಡದೆ ಹೋಗಿ, ಆಫೀಸಿಗೆ ಹೇಳಿ ಅವಳ ಟ್ಯಾಬ್‌ಗೆ ಮಾತ್ರ ತಡೆ ತೆಗೆಸಿದ. ಪ್ರತಿ ಮರಕ್ಕೂ ಕಾಂಪೌಂಡಿನ ಮೂಲೆಯಿಂದ ಟೇಪು ಹಿಡಿದ ಅಳತೆಯನ್ನೂ ಬರೆಯಬೇಕೆಂದು ಷರತ್ತು ಹಾಕಿದ. ಅವಳು ಅದನ್ನು ಹೇಗೂ ಮಾಡುವವಳಿದ್ದಳು. ಬಯಲಲ್ಲಿ ಫೋನಿನ ಜಿಪಿಎಸ್ ನಾಲ್ಕೈದು ಮೀಟರು ಆಚೀಚೆ ಆಗುತ್ತದೆ, ದಟ್ಟ ಎಲೆಯ ಕೆಳಗೆ ಇನ್ನೂ ಹೆಚ್ಚು.

ಮರುಸರ್ವೆಯ ಮೊದಲ ಬೆಳಿಗ್ಗೆಯೇ ಎಡವಟ್ಟಾಯಿತು. ಕೆಲವು ಮರ ಮುಗಿಸಿ ನೋಡಿದರೆ ಎಲ್ಲ ಚುಕ್ಕೆಗಳೂ ಒಂದರ ಮೇಲೊಂದು. ಬ್ಯಾಟರಿ ಉಳಿಸುವ ನೆಪದಲ್ಲಿ ಚೀಲದೊಳಗಿನ ಫೋನು ಆ ಆ್ಯಪನ್ನು ಮಲಗಿಸಿತ್ತು. ಟ್ಯಾಬ್ ಕೊನೆಯದಾಗಿ ಕೇಳಿದ ಜಾಗವನ್ನೇ ಹಿಡಿದುಕೊಂಡು ಕೂತಿತ್ತು. ಅವಳು ಆ ಆ್ಯಪಿಗೆ ಬ್ಯಾಟರಿ ಉಳಿತಾಯದಿಂದ ವಿನಾಯಿತಿ ಕೊಟ್ಟು, ಫೋನನ್ನು ಚೀಲದಿಂದ ತೆಗೆದು ಟ್ಯಾಬ್‌ನ ಬೆನ್ನಿಗೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದಳು. ಮೊದಲಿನಿಂದ ಮತ್ತೆ ಶುರು ಮಾಡಿದಳು.

ನಕ್ಷೆಯಲ್ಲಿ ಅಂಜನಮ್ಮನ ಹಲಸು ಹಿತ್ತಿಲಿಗೆ ಮರಳಿತು. ರಸ್ತೆಯ ಗೆರೆಯಿಂದ ಅದು ಎಷ್ಟೋ ದೂರವಿತ್ತು, ಅನುಮಾನಕ್ಕೆ ಎಡೆಯಿರಲಿಲ್ಲ. ಅವರು ಕಾಫಿ ತಂದುಕೊಟ್ಟರು. ಲೋಟ ಖಾಲಿ ಮಾಡಿ ಉಮಾಶ್ರೀ ಗೇಟಿನ ಹೊರಗಿದ್ದ ಬೇವಿನ ಮರದ ಹತ್ತಿರ ಹೋದಳು. ಅಂಜನಮ್ಮನ ಗಂಡ ರಾಮಯ್ಯ ನೆಟ್ಟು ಬೆಳೆಸಿದ್ದ ಮರ. ಅವರು ತೀರಿಹೋದ ಮೇಲೂ ಅದರ ಕೆಳಗಿನ ಕಲ್ಲುಬೆಂಚಿನ ಮೇಲೆ ಸಂಜೆ ನಾಲ್ಕು ಜನ ಕೂರುತ್ತಿದ್ದರು. ಹಳೇ ಸರ್ವೆಯಲ್ಲಿ ಆ ಮರದ ಚುಕ್ಕೆ ಹಾರಿ ಹಿಂದಿನ ಸೈಟಿನಲ್ಲಿ ಬಿದ್ದಿದ್ದರಿಂದ ಅದಕ್ಕೆ ನೋಟಿಸು ಬಂದಿರಲಿಲ್ಲ. ಈಗ ಚುಕ್ಕೆ ಅಗಲವಾಗುವ ರಸ್ತೆಯ ಗೆರೆಯೊಳಗೆ ಬಿತ್ತು. ಟೇಪೂ ಅದನ್ನೇ ಹೇಳಿತು.

ಅಂಜನಮ್ಮ ಅವಳ ಮುಖ ನೋಡಿ ಅರ್ಥಮಾಡಿಕೊಂಡರು.

"ಇದನ್ನ ಹಳೇದರಲ್ಲಿ ಇದ್ದಂಗೇ ಬಿಟ್ಬಿಡಮ್ಮ. ಒಂದ್ ಮರ ತಾನೆ. ನಿಂಗೇನ್ ಹೋಗುತ್ತೆ?"

ಉಮಾಶ್ರೀ ಟ್ಯಾಬ್‌ನ ಬೆನ್ನಿಗೆ ಕಟ್ಟಿದ್ದ ಫೋನನ್ನು ನೋಡಿದಳು. ಹಿತ್ತಿಲಲ್ಲಿ ಬ್ಲೂಟೂತ್ ಆಫ್ ಮಾಡಿ ಬಂದು ದಾಖಲಿಸಿದರೆ ಸಾಕಿತ್ತು, ಚುಕ್ಕೆ ಅಲ್ಲೇ ಉಳಿಯುತ್ತಿತ್ತು. ಅದು ಅವಳಿಗೆ ಹೊಳೆಯದೆ ಇರಲಿಲ್ಲ.

"ಬರಂಗಿಲ್ರಿ ಅಮ್ಮಾರ. ಕಡಿಯೂ ಮರದ ಪಟ್ಟಿಯೊಳಗ ಇಲ್ಲಂದ್ರೂ ಮರ ರೋಡಿನ್ಯಾಗ ನಿಂತದ. ಗಾಡಿ ತಗೊಂಡು ಬಂದವ್ರು ಕಡದ ಹೋಗ್ತಾರ, ನೀವು ಕೇಳಾಕೂ ಆಗೂದಿಲ್ಲ. ಪಟ್ಟಿಯೊಳಗ ಇದ್ರ ಆಕ್ಷೇಪಣೆ ಹಾಕಬಹುದು, ಅವ್ರು ಕರದು ಕೇಳಬೇಕಾಗ್ತದ."

"ಕೇಳಿ ಬಿಟ್ಬಿಡ್ತಾರಾ?"

"ಅದು ನನಗ ಗೊತ್ತಿಲ್ರಿ."

ಅಂಜನಮ್ಮ ಲೋಟ ತೆಗೆದುಕೊಂಡು ಒಳಗೆ ಹೋದರು. ಉಮಾಶ್ರೀ ದಾಖಲಿಸಿ ಮುಂದಿನ ಮರಕ್ಕೆ ಹೋದಳು. ಆ ಬೀದಿ ಮುಗಿಯುವವರೆಗೆ ಅವಳಿಗೆ ಮತ್ತೆ ಕಾಫಿ ಬರಲಿಲ್ಲ.

ಆಕ್ಷೇಪಣೆ ಕೇಳುವ ದಿನ ಅಂಜನಮ್ಮ ಬೀದಿಯವರನ್ನು ಕರೆದುಕೊಂಡು ಹೋದರು. ಬಾಡಿಗೆದಾರರೂ ಪಕ್ಕದ ಮನೆಯ ಪಿಳ್ಳಣ್ಣನೂ ಸಹಿ ಹಾಕಿದ್ದರು. ಅಧಿಕಾರಿಗಳು ಬಂದು ನೋಡಿದರು. ಮರ ರಸ್ತೆಯ ಅಂಚಿಗಿದ್ದುದರಿಂದ ಅಲ್ಲಿ ಫುಟ್‌ಪಾತನ್ನು ಮರದ ಸುತ್ತ ಬಳಸಿ ಒಯ್ಯಬಹುದೆಂದರು. ಬುಡ ಉಳಿಯಿತು, ರಸ್ತೆಯ ಕಡೆಯ ದೊಡ್ಡ ಕೊಂಬೆ ಹೋಯಿತು. ಕಲ್ಲುಬೆಂಚನ್ನೂ ಎತ್ತಿ ಹಾಕಿದರು. ಅದೇ ಬೀದಿಯ ಕೆಳಗಿನ ತುದಿಯಲ್ಲಿ ಒಂದು ಹೊಂಗೆಯ ಮರವೂ ಪಟ್ಟಿಯಲ್ಲಿತ್ತು. ಅದರ ಪರವಾಗಿ ಯಾರೂ ಬರಲಿಲ್ಲ, ಅದನ್ನು ಕಡಿದರು.

ಅಂಜನಮ್ಮ ಅವಳಿಗೆ ಫೋನ್ ಮಾಡಿ ಕೊಂಬೆ ಹೋದದ್ದನ್ನು ಹೇಳಿದರು. ಥ್ಯಾಂಕ್ಸ್ ಎನ್ನಲಿಲ್ಲ, ಬೈಯಲೂ ಇಲ್ಲ. ಹೊಂಗೆಯ ವಿಷಯ ಉಮಾಶ್ರೀಯೇ ಕೇಳಿ ತಿಳಿದುಕೊಂಡಳು.

ಆಮೇಲೆ ಚಿದಾನಂದ್ ಉಳಿದ ತಂಡಗಳಿಗೂ ಅವಳಿಂದಲೇ ಇದನ್ನು ಹೇಳಿಕೊಡಿಸಿದ. ಕೆಲವು ತಿಂಗಳು ಜೆಪಿ ನಗರ, ಬನಶಂಕರಿ, ಸಿದ್ದಾಪುರದ ಬೀದಿಗಳಲ್ಲಿ ಟ್ಯಾಬ್‌ನ ಬೆನ್ನಿಗೆ ಫೋನು ಕಟ್ಟಿಕೊಂಡವರು ಮರ ಸುತ್ತುತ್ತಿದ್ದರು. ಮುಂದಿನ ವರ್ಷ ಕಂಪನಿ ಜಿಪಿಎಸ್ ಇರುವ ಟ್ಯಾಬ್‌ಗಳನ್ನೇ ಕೊಂಡಿತು, ಆ ಏರ್ಪಾಡು ನಿಂತಿತು. ಉಮಾಶ್ರೀ ಈಗ ಹೊಸಕೆರೆಹಳ್ಳಿಯ ಕಡೆ ಕೆರೆಯಂಚಿನ ಮರಗಳನ್ನು ದಾಖಲಿಸುತ್ತಿದ್ದಾಳೆ.