ಕಹಿ ಉಪ್ಪಿನ ಡಬ್ಬಿ

ಆಗ ನನಗೆ ನಲವತ್ತೊಂದು ವರ್ಷ. ಅದಾಗಿ ಈಗ ನಲವತ್ತು ವರ್ಷವಾಯಿತು. ನಾನು ಕಲಿತದ್ದು ಎರಡನೇ ಇಯತ್ತೆ. ಕನ್ನಡವಾದರೆ ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದುತ್ತೇನೆ. ಇಂಗ್ಲಿಷ್ ನನ್ನ ಕಣ್ಣಿಗೆ ಇರುವೆ ಸಾಲು.

ನನ್ನ ಗಂಡ ಇಳಕಲ್ಲಿನಲ್ಲಿ ಸೀರೆ ನೇಯುತ್ತಿದ್ದರು. ನಮ್ಮದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ಕೆಳಗಿನ ಹಲಗೆ ತುಳಿಯುತ್ತ, ಮೇಲೆ ಲಾಳಿ ಓಡಿಸಬೇಕು. ನಾನು ಪಕ್ಕದಲ್ಲಿ ಲಾಳಿಗೆ ನೂಲು ಸುತ್ತಿ ಕೊಡುತ್ತಿದ್ದೆ. ಮಗ್ಗದ ಸಪ್ಪಳ ಕೇಳಿದರೆ ಸಾಕು, ಅವರಿಗೆ ಹಸಿವೋ ಸಿಟ್ಟೋ ನನಗೆ ತಿಳಿಯುತ್ತಿತ್ತು.

ಆ ವರ್ಷ ಅವರ ಮುಖ ಊದಿತು, ಕಾಲು ಊದಿತು, ಉಚ್ಚೆ ಕಡಿಮೆಯಾಯಿತು. ಬಾಗಲಕೋಟೆಯ ಡಾಕ್ಟರು ರಕ್ತ ನೋಡಿ, ಎರಡೂ ಕಿಡ್ನಿ ಕೆಟ್ಟಿವೆ ಅಂದರು. ಬಿಪಿಯೂ ಇತ್ತು. ಗುಳಿಗೆ ಬರೆದುಕೊಟ್ಟು ನನ್ನ ಕಡೆ ತಿರುಗಿದರು.

"ಉಪ್ಪು ಬ್ಯಾಡ ತಾಯಿ. ಎಳನೀರ ಬ್ಯಾಡ, ಬಾಳಿಹಣ್ಣ ಬ್ಯಾಡ. ತಿಳೀತಿಲ್ಲೋ?"

"ತಿಳೀತರಿ," ಅಂದೆ. ಉಪ್ಪು ಬೇಡ ಅನ್ನುವುದು ತಿಳಿದಿತ್ತು. ಎಳನೀರು ಯಾಕೆ ಬೇಡ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೊರಗೆ ಐವತ್ತು ಮಂದಿ ಕಾಯುತ್ತಿದ್ದರು.

ಮನೆಗೆ ಬಂದು ಸಪ್ಪನೆ ಬೇಳೆ, ಸಪ್ಪನೆ ಪಲ್ಯ ಮಾಡಿದೆ. ಅವರು ಒಂದು ತುತ್ತು ತಿಂದು ತಾಟು ದೂಡಿದರು.

"ಇದನ್ನ ಎಮ್ಮಿಗೆ ಹಾಕು. ಅದೂ ತಿಂದರ ನನ್ನ ಕಡೆ ಬಂದು ಹೇಳು."

"ಎಮ್ಮಿಗೆ ಕಿಡ್ನಿ ಚಲೋ ಅದಾವ. ನೀವ ತಿನ್ರಿ."

ತಿನ್ನಲಿಲ್ಲ. ಹದಿನೈದು ದಿನದಲ್ಲಿ ದವಡೆಯ ಎಲುಬು ಎದ್ದವು. ಗಂಡನಿಗೆ ಉಪ್ಪಿಲ್ಲದ್ದು ಉಣ್ಣಿಸುತ್ತಾಳೆಂದು ಓಣಿಯ ಹೆಂಗಸರು ನನ್ನನ್ನು ಒಂದು ನಮೂನೆ ನೋಡುತ್ತಿದ್ದರು.

ನನ್ನ ತಮ್ಮ ಸೀರೆ ಗಂಟು ಕಟ್ಟಿಕೊಂಡು ಮುಂಬೈಗೆ ಹೋಗಿಬರುತ್ತಿದ್ದ. ಒಂದು ಸಲ ಅಲ್ಲಿಯ ದೊಡ್ಡ ಔಷಧ ಅಂಗಡಿಯಿಂದ ಡಬ್ಬಿ ತಂದ. ಹೊರದೇಶದ್ದು. ಒಳಗೆ ಬೆಳ್ಳನೆಯ ಪುಡಿ.

"ಅಕ್ಕಾ, ಇದು ಉಪ್ಪಿನಂಗ ಇರತೈತಿ, ಆದರ ಉಪ್ಪಲ್ಲ. ಉಪ್ಪಿನ್ಯಾಗಿನ ಕೆಟ್ಟದ್ದ ಇದರಾಗ ಇಲ್ಲ. ಬಿಪಿ ಇದ್ದವರಿಗೆ ಅಂತ ಮಾಡ್ಯಾರ."

"ನೀ ಓದಿದ್ಯಾ?"

"ಮ್ಯಾಲ ದೊಡ್ಡದಾಗಿ ಬರದದ್ದ ಓದೇನಿ."

ಹಿಂಬದಿಯಲ್ಲಿ ಸಣ್ಣಕ್ಷರ ಬೇಕಾದಷ್ಟಿದ್ದವು. ಅವನು ಅದನ್ನು ಓದಲಿಲ್ಲ. ನನಗೆ ಓದಲು ಬರುತ್ತಿರಲಿಲ್ಲ.

ಅವತ್ತು ಅವರು ಎರಡು ರೊಟ್ಟಿ ಉಂಡರು. ನಾಲಗೆಗೆ ಹಿಂದಿನಿಂದ ಕಹಿ ಹತ್ತುತ್ತದೆ ಎಂದರು. ನಾನು ಹುಣಸೆ, ಬೆಲ್ಲ ಹಾಕಿ ಕಹಿ ಮುಚ್ಚಿದೆ. ಉಪ್ಪಿಗೆ ನನ್ನ ಕೈಯಲ್ಲಿ ಅಳತೆ ಇತ್ತು. ಈ ಪುಡಿಗೆ ಇರಲಿಲ್ಲ. ಉಪ್ಪೇ ಅಲ್ಲದ ಮೇಲೆ ಹೆಚ್ಚಾದರೇನು ಅಂದುಕೊಂಡೆ. ಬೇಳೆಗೆ ಹಾಕಿದೆ, ಪಲ್ಯಕ್ಕೆ ಹಾಕಿದೆ, ಮಜ್ಜಿಗೆಗೂ ಹಾಕಿದೆ.

ಎಂಟು ದಿನವಾಗಿರಬೇಕು, ಮಗ್ಗದ ಸಪ್ಪಳ ಸಡಿಲಾಯಿತು. ಲಾಳಿ ಓಡುತ್ತಿತ್ತು, ಕೆಳಗಿನ ತುಳಿತ ತಡವಾಗುತ್ತಿತ್ತು.

"ಕಾಲು ನಿದ್ದಿ ಮಾಡ್ಯಾವೇನ್ರಿ?"

"ಹತ್ತಿ ತುಂಬಿದಂಗ ಆಗ್ಯಾವ," ಅಂದರು.

ಮೈಯಲ್ಲಿ ಉಪ್ಪಿಲ್ಲದೆ ಸೊರಗಿದ್ದಾರೆ ಎಂದು ನನಗನ್ನಿಸಿತು. ಮಜ್ಜಿಗೆಗೆ ಇನ್ನೊಂದು ಚಮಚ ಹಾಕಿ ಕೊಟ್ಟೆ. ಹೀಗೆ ಎರಡು ದಿನ. ನನ್ನ ಕೈಯಿಂದಲೇ ಕೊಟ್ಟೆ, ಮುಗಿಸುವ ತನಕ ಎದುರಿಗೆ ನಿಂತೆ.

ಮೂರನೇ ದಿನ ಬೆಳಗ್ಗೆ ಅವರಿಗೆ ಕುಣಿಯಿಂದ ಎದ್ದು ಬರಲು ಆಗಲಿಲ್ಲ. ತಮ್ಮನೂ ಎದುರು ಮನೆಯವರೂ ರಟ್ಟೆ ಹಿಡಿದು ಎತ್ತಿದರು. ಕಾಲು ಒದ್ದೆ ಬಟ್ಟೆಯ ಹಾಗೆ ನೇತಾಡಿದವು. ಊರಿನ ಡಾಕ್ಟರು ನಾಡಿ ಹಿಡಿದು, "ಗುಂಡಿಗಿ ಭಾಳ ಸಾವಕಾಶ ನಡದೈತಿ, ಈಗಿಂದೀಗ ಬಾಗಲಕೋಟಿಗೆ ಒಯ್ರಿ" ಎಂದರು. ಬಾಡಿಗೆಯ ಮೆಟಡೋರ್ ಸಿಕ್ಕಿತು. ದವಾಖಾನೆಯಲ್ಲಿ ಗಂಜಿ ಬೇಕಾದೀತೆಂದು ನಾನು ಕೈಚೀಲದಲ್ಲಿ ಹಿಟ್ಟು, ತಂಬಿಗೆ, ಆ ಡಬ್ಬಿ ಹಾಕಿಕೊಂಡೆ. ಹುನಗುಂದ ದಾಟುವಾಗ ಅವರ ಎದೆಯ ಮೇಲೆ ಕೈ ಇಟ್ಟೆ. ಒಂದು ಸಲ ಬಡಿದು ನಿಲ್ಲುತ್ತಿತ್ತು. ಮತ್ತೆ ಬಡಿಯುತ್ತದೋ ಇಲ್ಲವೋ ಎಂದು ನಾನು ಉಸಿರು ಹಿಡಿದು ಕೂತಿರುತ್ತಿದ್ದೆ. ದಾರಿಯುದ್ದಕ್ಕೂ ಅದೇ.

ದವಾಖಾನೆಯಲ್ಲಿ ಎದೆಗೆ ವೈರು ಹಚ್ಚಿ ಗುಂಡಿಗೆಯ ಪಟ್ಟಿ ತೆಗೆದರು. ಕಾಗದದ ಮೇಲೆ ಗೆರೆ ಚೂಪಾಗಿ ಎದ್ದಿದ್ದವು, ನಮ್ಮ ಸೀರೆಯ ಸೆರಗಿನಲ್ಲಿ ನೇಯುವ ಗೋಪುರದ ಸಾಲಿನ ಹಾಗೆ. ಮೊದಲು ನೋಡಿದ್ದ ಅದೇ ಡಾಕ್ಟರ ಮುಖ ಬದಲಾಯಿತು.

"ಎಳನೀರ ಕುಡಸೀರೇನು?"

"ಇಲ್ಲರಿ."

"ಬಾಳಿಹಣ್ಣ?"

"ಇಲ್ಲರಿ. ಉಪ್ಪನ್ನೂ ಮುಟ್ಟಿಸಿಲ್ಲರಿ. ಒಂದ ಹರಳೂ ಇಲ್ಲ." ಇದನ್ನು ನಾನು ಸೆಟೆದುಕೊಂಡೇ ಹೇಳಿದೆ.

ಅವರು ರಕ್ತದ ವರದಿಗೆ ಕಾಯಲಿಲ್ಲ. ಕ್ಯಾಲ್ಸಿಯಂ ಎಂದು ಕೂಗಿ, ತಾವೇ ಕೂತು ನರಕ್ಕೆ ಮೆಲ್ಲನೆ ಏರಿಸಿದರು. ಇನ್ನೊಂದು ಪಟ್ಟಿ ತೆಗೆದಾಗ ಗೋಪುರ ತುಸು ತಗ್ಗಿದ್ದವು. ಆಮೇಲೆ ಸಕ್ಕರೆ ಕಾಯಿಲೆಯವರಿಗೆ ಚುಚ್ಚುವ ಇನ್ಸುಲಿನ್ನನ್ನು ಗ್ಲೂಕೋಸಿನ ಜೊತೆ ಕೊಟ್ಟರು.

ನಾನು ಹೊರಗೆ ಒಲೆ ಹಚ್ಚಿ ಗಂಜಿ ಕಾಯಿಸಿ ತಂದೆ. ಮಂಚದ ಬದಿ ಕೂತು ಡಬ್ಬಿ ತೆಗೆದು ಚಮಚ ತುಂಬಿದೆ. ನರ್ಸಬಾಯಿ ಬಂದು ನನ್ನ ಮುಂಗೈ ಹಿಡಿದಳು.

"ಏನಬೇ ಅದು?"

"ಉಪ್ಪಲ್ಲಬೇ. ಉಪ್ಪಿಲ್ಲದ ಉಪ್ಪು."

ಅವಳು ಡಬ್ಬಿ ಕಿತ್ತುಕೊಂಡು ಡಾಕ್ಟರಿಗೆ ಕೊಟ್ಟಳು. ಡಾಕ್ಟರು ಅದನ್ನು ತಿರುಗಿಸಿ ಸಣ್ಣಕ್ಷರ ಓದಿದರು.

"ಯಾರ ಕೊಟ್ರು ಇದನ್ನ?"

ತಮ್ಮ ಗೋಡೆ ನೋಡಿದ. ನಾನು ಹಾಕಿದೆ ಅಂದೆ.

"ದಿನಾ ಎಷ್ಟು?"

"ಮೂರು ನಾಕು ಚಮಚ. ಮತ್ತ ಮಜ್ಜಿಗ್ಯಾಗ ಬ್ಯಾರೆ."

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ಇದು ಪೊಟ್ಯಾಸಿಯಂ ಕ್ಲೋರೈಡ್ ತಾಯಿ. ಕಿಡ್ನಿ ಗಟ್ಟಿ ಇದ್ದವರಿಗಾದರ ಹೆಚ್ಚಾದ ಪೊಟ್ಯಾಸಿಯಂ ಉಚ್ಯಾಗ ಹೋಗತೈತಿ. ಇವರದು ಹೋಗೂದಿಲ್ಲ, ರಕ್ತದಾಗ ಕೂಡಿ ಗುಂಡಿಗಿ ನಿಲ್ಲಸತೈತಿ. ಎಳನೀರ ಬ್ಯಾಡ ಅಂದದ್ದು ಇದಕ್ಕ. ಅದರಾಗಿನದ ಇದರಾಗೂ ಐತಿ, ಎಷ್ಟೋ ಪಟ್ಟು ಹೆಚ್ಚು. ಕಿಡ್ನಿ ರೋಗದವರು ಡಾಕ್ಟರನ್ನ ಕೇಳದ ಮುಟ್ಟಬಾರದು ಅಂತ ಇಲ್ಲೇ ಬರದಾರ."

"ಈಗ ತಗದೀರಿಲ್ಲರಿ ಅದನ್ನ?"

"ತಗದಿಲ್ಲ. ಸ್ವಲ್ಪ ಹೊತ್ತಿನ ಮಟ್ಟಿಗೆ ರಕ್ತದಾಗಿಂದ ಮಾಂಸದೊಳಗ ದೂಡೇನಿ, ಅಷ್ಟ. ಬ್ಯಾರೆ ಔಷಧದ ಪುಡಿ ನೀರಿನ್ಯಾಗ ಕಲಸಿ ಗುದದಿಂದ ಏರಸ್ತೇವಿ, ಅದು ಈ ಪೊಟ್ಯಾಸಿಯಂ ಹೊರಗ ಎಳೀಬೇಕು. ರಕ್ತ ತೊಳಿಯೂ ಮಷಿನ್ ನಮ್ಮಲ್ಲಿಲ್ಲ. ಇದ್ದಲ್ಲಿಗೆ ಒಯ್ಯೂತನಕ ಇವರು ತಡಿಯೂದಿಲ್ಲ."

ಆ ಮಧ್ಯಾಹ್ನವೆಲ್ಲ ನಾನು ಅವರ ಪಾದ ನೋಡುತ್ತ ಕೂತೆ. ಮುಖ ನೋಡಲಿಲ್ಲ, ನೋಡುವ ಮುಖ ನನಗಿರಲಿಲ್ಲ. ಮೂರು ಸಲ ಏರಿಸಿದರು, ನಾಲ್ಕು ಸಲ ಪಟ್ಟಿ ತೆಗೆದರು. ಹಾಸಿಗೆ ಹೊಲಸಾದಾಗೊಮ್ಮೆ ನಾನೇ ತೊಳೆದೆ. ಮೂವತ್ತು ವರ್ಷ ಹಲಗೆ ತುಳಿದ ಅವರ ಕಾಲಿನ ಹೆಬ್ಬೆರಳು ದಡ್ಡುಗಟ್ಟಿ ಕರ್ರಗಾಗಿತ್ತು. ಹೊತ್ತು ಇಳಿಯುವಾಗ ಅದು ಒಮ್ಮೆ ಅಲುಗಿತು. ನನ್ನ ಭ್ರಮೆ ಅಂದುಕೊಂಡೆ. ಮತ್ತೊಮ್ಮೆ ಅಲುಗಿತು.

"ಏನ ನೋಡ್ತಿ?" ಅಂದರು. ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

"ನಾ ನಿಮಗ ವಿಷಾ ಹಾಕೇನ್ರಿ," ಅಂದೆ.

"ಕಹಿ ಐತಿ ಅಂತ ನಾ ಅವತ್ತ ಹೇಳಿದ್ನೋ ಇಲ್ಲೋ?" ಅಂದರು. ನಾನು ಅವರ ಪಾದದ ಮೇಲೆ ಹೊದಿಕೆ ಎಳೆದೆ.

ಮರುದಿನ ಬೆಳಗ್ಗೆ ಡಾಕ್ಟರು ಬಂದು, ಕಾಯಿಪಲ್ಯೆಯನ್ನು ಸಣ್ಣಗೆ ಹೆಚ್ಚಿ, ತುಂಬ ನೀರಿನಲ್ಲಿ ಕುದಿಸಿ, ಆ ನೀರು ಚೆಲ್ಲಿ ಕೊಡಬೇಕು, ಪೊಟ್ಯಾಸಿಯಂ ನೀರಿನ ಜೊತೆ ಹೋಗುತ್ತದೆ ಎಂದರು. ಸಂತೆಯಿಂದ ಎರಡು ಹೀರೇಕಾಯಿ ತಂದು ದವಾಖಾನೆಯ ಹಿಂದೆ ಹಾಗೆಯೇ ಕುದಿಸಿದೆ. ನೀರನ್ನು ಗಟಾರಕ್ಕೆ ಚೆಲ್ಲಿದೆ. ಹೋಳು ಸಪ್ಪಗಿದ್ದವು, ಎದುರಿಗೆ ಕೂತು ಮೊದಲು ನಾನು ತಿಂದೆ, ಆಮೇಲೆ ಅವರ ಬಾಯಿಗೆ ಇಟ್ಟೆ.