ಎಂಟು ಸೆಕೆಂಡಿನ ಮ್ಯೂರಿಯಲ್

ಮ್ಯೂರಿಯಲ್ ಟ್ರಾಂಟರ್‌ಗೆ ಐವತ್ತೊಂದು ವರ್ಷ. ಬರ್ಮಿಂಗ್‌ಹ್ಯಾಮಿನ ಡ್ಯಾನ್ಸ್ ಹಾಲಿನಲ್ಲಿ ವಯೊಲಿನ್ ನುಡಿಸುತ್ತಿದ್ದವಳು. ಹಾಲಿಗೆ ಬೀಗ ಬಿದ್ದ ಮೇಲೆ ಶಾಲೆಯೊಂದರ ಅಡುಗೆಮನೆಯಲ್ಲಿ ಮಕ್ಕಳ ತಟ್ಟೆಗೆ ಕಸ್ಟರ್ಡ್ ಬಡಿಸುತ್ತಿದ್ದಳು. ಸುಖವೂ ಇಲ್ಲ, ದುಃಖವೂ ಇಲ್ಲ; ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿಸಿಕೊಂಡ ದವಡೆಯಂತೆ ಮನಸ್ಸು ಮರಗಟ್ಟಿತ್ತು. ಸಾವಿರದ ಒಂಬೈನೂರ ಎಪ್ಪತ್ತೆರಡರ ವಸಂತದಲ್ಲಿ ಒಂದು ರಾಕ್ ತಂಡ ಅವಳನ್ನು ಸ್ಟುಡಿಯೋಗೆ ಕರೆಯಿತು. ನುಡಿಸಿದ್ದು ಒಪ್ಪಿಗೆಯಾದರೆ ಇಡೀ ರೆಕಾರ್ಡಿಗೆ ಅವಳದೇ ಪಿಟೀಲು. ಆಗದಿದ್ದರೆ ಪಿಟೀಲನ್ನು ಅಟ್ಟಕ್ಕೆ ಹಾಕುವುದೆಂದು ಅವಳು ಬಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದಳು.

ತಂಡದ ಕೀಬೋರ್ಡುಗಾರ ಡೆರಿಕ್ ಪಾಸ್ಕೋ. ಹೆಗಲವರೆಗೆ ಕೂದಲು, ಆದರೆ ಮೆತ್ತಗೆ ಮಾತಾಡುವ ಒಳ್ಳೆಯ ಹುಡುಗ.

"ಮೊದಲು ಇದನ್ನ ಕೇಳಿ ಮಿಸೆಸ್ ಟ್ರಾಂಟರ್," ಎಂದು ಎಲೆಕ್ಟ್ರಿಕ್ ಆರ್ಗನ್ನಿನ ಮೇಲೆ ಕೈಯಿಟ್ಟ.

ಅಬ್ಬಾ! ಕಿಟಕಿ ಗಾಜು ಅದುರಿತು. ಒಳಗೆ ಹಲ್ಲಿನ ಚಕ್ರಗಳು ಸುತ್ತುತ್ತಲೇ ಇರುತ್ತವೆ, ಒಂದೊಂದು ಚಕ್ರಕ್ಕೆ ಒಂದೊಂದು ಸ್ವರ. ಮುಂದಿನ ಸರಳುಗಳನ್ನು ಎಳೆದಷ್ಟೂ ಮೇಲಿನ ಸ್ವರಗಳು ಬಂದು ಬೆರೆಯುತ್ತವೆ. ಬೆರಳು ಇಟ್ಟಷ್ಟು ಹೊತ್ತೂ ದನಿ ಒಂದು ಕೂದಲೆಳೆಯಷ್ಟೂ ಇಳಿಯದು. ಪಕ್ಕದ ಪೆಟ್ಟಿಗೆಯಲ್ಲಿ ಸ್ಪೀಕರಿನ ತುತ್ತೂರಿ ಗಿರಗಿರನೆ ತಿರುಗಿ, ನಾದ ಹತ್ತಿರ ಬಂದು ದೂರ ಹೋಗುತ್ತಿತ್ತು. ಆಂಪ್ಲಿಫೈಯರಿನ ವಾಲ್ವುಗಳಿಗೆ ಅವುಗಳ ಶಕ್ತಿ ಮೀರಿ ದನಿ ತುರುಕಿದ್ದರಿಂದ ಅದು ಗುರುಗುಡುತ್ತಿತ್ತು.

"ಪ್ರತಿ ಸಲ ಕೀಲಿ ಒತ್ತಿದಾಗ ಟಿಕ್ ಅನ್ನುತ್ತಲ್ಲ ಮರಿ, ಕೆಟ್ಟಿದೆಯಾ?" ಎಂದಳು ಮ್ಯೂರಿಯಲ್.

"ಕೆಟ್ಟಿಲ್ಲ. ಒಳಗಿರೋ ತಂತಿಗಳು ಒಟ್ಟಿಗೆ ತಾಗಲ್ಲ, ಒಂದಾದ್ಮೇಲೊಂದು ತಾಗ್ತವೆ, ಅದರ ಸದ್ದು. ಮಾಡಿದವರು ಅದನ್ನ ಹೋಗಲಾಡಿಸೋಕೆ ಒದ್ದಾಡಿದ್ರು. ನಮಗೆ ಅದೇ ಬೇಕು! ಡ್ರಮ್ಮಿನ ಮಧ್ಯೆ ಸ್ವರ ಕಚ್ಚಿ ಹಿಡಿಯುತ್ತೆ. ಗಿಟಾರಿನವನು ಎಷ್ಟು ಕಿರುಚಿದ್ರೂ ಎದುರು ನಿಲ್ಲೋಕೆ ಆಗೋದು ಇದರಿಂದಲೇ."

ಆರ್ಗನ್ನು ಬೆಂಕಿಯಾದರೆ ಹಾಡಿಗೆ ಹೊಗೆಯೂ ಬೇಕಂತೆ. ಅದಕ್ಕೇ ಪಿಟೀಲು. ಮ್ಯೂರಿಯಲ್ ಮೂರು ಸಲ ನುಡಿಸಿದಳು, ಚೆನ್ನಾಗಿಯೇ ನುಡಿಸಿದಳು. ಆದರೆ ಆರ್ಗನ್ನಿನ ಗುಡುಗಿನಲ್ಲಿ ಒಂಟಿ ಪಿಟೀಲು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಡೆರಿಕ್ ತಲೆ ಕೆರೆದುಕೊಂಡು ಮೆಲೊಟ್ರಾನ್ ಎಂಬ ಇನ್ನೊಂದು ಬಿಳಿಯ ಕೀಬೋರ್ಡಿನ ಮುಂದೆ ಕೂತ. ಅದರಲ್ಲಿ ಪ್ರತಿ ಕೀಲಿಯಡಿ ಒಂದು ತುಂಡು ಟೇಪು. ಟೇಪಿನಲ್ಲಿ ಯಾರೋ ಎಂದೋ ನುಡಿಸಿದ ಒಂದೇ ಸ್ವರ. ಒತ್ತಿದರೆ ಟೇಪು ತಿರುಗುವ ಸರಳಿಗೆ ಅಂಟಿ ಓಡುತ್ತದೆ. ಎಂಟು ಸೆಕೆಂಡಿಗೆ ಮುಗಿಯುತ್ತದೆ. ಬೆರಳೆತ್ತಿದರೆ ಸ್ಪ್ರಿಂಗು ಅದನ್ನು ಮೊದಲಿಗೆ ಎಳೆದು ತರುತ್ತದೆ.

ಅವನು ನಾಲ್ಕು ಕೀಲಿ ಒಟ್ಟಿಗೆ ಒತ್ತಿದ. ಮೋಟಾರು ಏದುಸಿರು ಬಿಟ್ಟಿತು. ಸ್ವರಗಳು ತುಸು ಕುಸಿದು, ನಡುಗಿ, ಮಂಜಿನಂತೆ ಹಬ್ಬಿದವು. ಆ ಮಂಜಿನೊಳಗೆ ಒಂದು ಸ್ವರದ ಮೊದಲಲ್ಲಿ ಪಿಟೀಲಿನ ಬಿಲ್ಲು ತಂತಿಗೆ ಕರಕ್ಕೆಂದು ಉಜ್ಜಿತು. ಮ್ಯೂರಿಯಲ್ ಆ ಉಜ್ಜನ್ನು ಗುರುತಿಸಿದಳು.

"ಅಯ್ಯೋ, ಅದು ನಾನು."

ಒಂಬತ್ತು ವರ್ಷದ ಹಿಂದೆ ಯಾರೋ ಅವಳನ್ನು ಒಂದು ಕೋಣೆಯಲ್ಲಿ ಕೂರಿಸಿ ಒಂದೊಂದೇ ಸ್ವರ ನುಡಿಸಲು ಹೇಳಿ ಟೇಪಿಗೆ ಹಿಡಿದಿದ್ದರು: ಅಲುಗಿಸದೆ ಎಳಿ, ನಿಲ್ಲಿಸು, ಮುಂದಿನದು. ಯಾತಕ್ಕೆಂದು ಅವಳೂ ಕೇಳಿರಲಿಲ್ಲ.

ಡೆರಿಕ್ ಕುಣಿದಾಡಿಬಿಟ್ಟ. "ನೀವೇನಾ! ಮತ್ತೇನು, ಥೇಟ್ ಹಾಗೇ ನುಡಿಸಿ!"

ಅವಳು ನುಡಿಸಿದಳು. ಆಗಲಿಲ್ಲ. ಬೆರಳು ಅಭ್ಯಾಸಬಲದಿಂದ ತಂತಿಯ ಮೇಲೆ ಅಲುಗುತ್ತಿತ್ತು, ಬಿಲ್ಲು ಒಂದು ಸ್ವರವನ್ನು ಇನ್ನೊಂದಕ್ಕೆ ಹೊಸೆಯುತ್ತಿತ್ತು. ಯಂತ್ರದಲ್ಲಿ ಯಾವ ಸ್ವರಕ್ಕೂ ಪಕ್ಕದ ಸ್ವರದ ಪರಿಚಯವಿಲ್ಲ. ಪ್ರತಿಯೊಂದೂ ಹೊಸದಾಗಿ ಹುಟ್ಟಿ ಒಂಟಿಯಾಗಿ ಸಾಯುತ್ತದೆ. ಮೋಟಾರಿನ ಆ ನಡುಕವನ್ನು ಮನುಷ್ಯರ ಕೈ ಎಲ್ಲಿಂದ ತರಬೇಕು?

"ನೀವು ತುಂಬಾ ಚೆನ್ನಾಗಿ ನುಡಿಸ್ತೀರಿ, ಅದೇ ಕಷ್ಟ," ಎಂದ ಡೆರಿಕ್. ಅವನ ಮುಖ ಕೆಂಪಾಗಿತ್ತು. "ಈ ಯಂತ್ರದ್ದನ್ನೇ ಇಟ್ಕೋತೀವಿ. ಬೇಜಾರು ಮಾಡ್ಕೋಬೇಡಿ."

"ಬೇಜಾರೇನಿಲ್ಲ ಮರಿ." ನಿಜಕ್ಕೂ ಇರಲಿಲ್ಲ, ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು. "ಒಂದ್ಸಲ ನಾನು ಒತ್ತಲಾ?"

ಅವಳು ಆ ಕೀಲಿಯನ್ನು ಒತ್ತಿದಳು. ಕರಕ್ಕೆಂದಿತು, ನಲವತ್ತೆರಡು ವರ್ಷದ ಮ್ಯೂರಿಯಲ್ ನುಡಿಸಿದಳು, ನಿಂತಳು. ಬೆರಳು ಇನ್ನೂ ಕೀಲಿಯ ಮೇಲೇ ಇತ್ತು, ಸದ್ದಿಲ್ಲ. ಎತ್ತಿದಾಗ ಒಳಗೆ ಟೇಪು ಸರ್ರನೆ ಹಿಂದಕ್ಕೆ ಹೋಯಿತು. ಮನೆಗೆ ಬಂದು ಪಿಟೀಲನ್ನು ಅಟ್ಟಕ್ಕೇರಿಸಿದಳು.

ಚಳಿಗಾಲದಲ್ಲಿ ಶಾಲೆಯ ಅಡುಗೆಮನೆಯ ರೇಡಿಯೋದಲ್ಲಿ ಆ ಹಾಡು ಬಂತು. ಆಲೂಗಡ್ಡೆ ಹಿಸುಕುತ್ತಿದ್ದ ಗೆಳತಿ ಬೆರಿಲ್ ಕೈ ನಿಲ್ಲಿಸಿ ಕಣ್ಣೊರೆಸಿಕೊಂಡಳು.

"ಕೇಳೇ ಮ್ಯೂರಿಯಲ್, ಆ ಪಿಟೀಲು! ಯಾರೋ ಪಾಪ, ಅದೆಷ್ಟು ಸಂಕಟ ಇಟ್ಕೊಂಡು ನುಡಿಸಿದಾರೆ."

ಮ್ಯೂರಿಯಲ್ ಸೌಟನ್ನು ಕಸ್ಟರ್ಡಿಗೆ ಅದ್ದಿದಳು. ಒಂದೊಂದೇ ಸ್ವರ ನುಡಿಸಿದ ಆ ದಿನ ಅವಳಿಗೆ ಯಾವ ಸಂಕಟವೂ ಇರಲಿಲ್ಲ. ಊಟದ ಹೊತ್ತಾಗಿತ್ತು, ಹಸಿವಾಗಿತ್ತು, ಅದಕ್ಕೇ ಬಿಲ್ಲು ಅವಸರದಲ್ಲಿ ಉಜ್ಜಿತ್ತು. ಕೋಣೆಯಿಂದ ಹೊರಬಿದ್ದು, ನಗುನಗುತ್ತ ಮೀನೂ ಚಿಪ್ಸೂ ತಿಂದಿದ್ದಳು.

"ಯಾರೋ," ಎಂದಳು. "ನಂಗೆ ಗೊತ್ತಿಲ್ಲ."