ಎಡಗೈ ಗೆಲ್ಲಲಿ ಎಂದವಳು

ನಮ್ಮ ದೊಡ್ಡಮ್ಮನ ಬ್ಯೂಟಿ ಪಾರ್ಲರಿನಲ್ಲಿ ಕುರ್ಚಿಗಳು ಮೂರು, ಕನ್ನಡಿಗಳು ಎರಡು, ಬಾಯಿ ಒಂದೇ. ಅದು ದೊಡ್ಡಮ್ಮನದು. ಕ್ರೀಮಿನ ವಿಷಯ ಬಂದರಂತೂ ಅವಳ ತೀರ್ಪಿಗೆ ಎದುರಾಡುವವರೇ ಇರಲಿಲ್ಲ. ಯಾವ ಹೊಸ ಕ್ರೀಮು ಬಂದರೂ ಮುಚ್ಚಳ ತೆಗೆದು ಮೂಸಿ, ಮುಂಗೈಗೆ ಒಂದು ಬೊಟ್ಟು ಹಚ್ಚಿ ಕಣ್ಣು ಮುಚ್ಚುತ್ತಿದ್ದಳು. ಘಮಘಮ ಅಂದು ತಣ್ಣಗಾದರೆ ಪಾಸು, ಇಲ್ಲದಿದ್ದರೆ ಫೇಲು.

ಅಂಥ ಪರೀಕ್ಷಕಿಯ ಕೈಗಳೇ ಕೆಟ್ಟವು. ದಿನವಿಡೀ ಶಾಂಪೂ ನೀರಿನಲ್ಲಿ ಅದ್ದಿ ಅದ್ದಿ ಬೆರಳ ಗೆಣ್ಣುಗಳು ಕೆಂಪಾಗಿ ಬಿರಿದವು. ‘ಚರ್ಮಕ್ಕೆ ಶಾಂತಿ’ ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿದ್ದ ತನ್ನ ಮೆಚ್ಚಿನ ಕ್ರೀಮನ್ನು ಅವಳು ಬಳಿದೇ ಬಳಿದಳು. ಕಡಿಮೆಯಾಗಲಿಲ್ಲ. ಒಂದು ದಿನ ನಿವೃತ್ತ ಹೆಡ್‌ಮೇಡಂ ಫೇಶಿಯಲ್‌ಗೆ ಬಂದರು. ದೊಡ್ಡಮ್ಮನನ್ನು ಬಿಟ್ಟು ಬೇರೆ ಯಾರಿಗೂ ಮುಖ ಮುಟ್ಟಲು ಬಿಡದ ಅವರು ಅವಳ ಬೆರಳಿನಡಿಯಿಂದ ಮುಖ ಸರಿಸಿಕೊಂಡು, “ಇವತ್ತಿಗೆ ಇಷ್ಟು ಸಾಕಮ್ಮ” ಎಂದು ಎದ್ದು ಹೋದರು. ಆಮೇಲೆ ಬರಲೇ ಇಲ್ಲ. ಅವರಿಗೆ ವಯಸ್ಸಾಯಿತು, ಬಿಸಿಲು ಜಾಸ್ತಿ ಎಂದೆಲ್ಲ ದೊಡ್ಡಮ್ಮ ಸಬೂಬು ಹೇಳಿದಳು. ಆದರೆ ಅವಳು ಹೆದರಿದ್ದಳು. ಕೈ ಒರಟಾದರೆ ಫೇಶಿಯಲ್ ಮಾಡುವವಳ ಕಥೆ ಮುಗಿಯಿತು.

ಚರ್ಮದ ಡಾಕ್ಟರು ಕೂದಲು ಕತ್ತರಿಸಿಕೊಳ್ಳಲು ಬಂದಾಗ ಕನ್ನಡಿಯಲ್ಲೇ ಆ ಕೈಗಳನ್ನು ನೋಡಿಬಿಟ್ಟರು.

“ಏನು ಹಚ್ತಿದ್ದೀರಿ?”

ದೊಡ್ಡಮ್ಮ ಡಬ್ಬಿ ತೋರಿಸಿದಳು. ಡಾಕ್ಟರು ಮೂಸಿ ಮೂಗು ಮುರಿದರು. “ಇದನ್ನ ಬಿಡಿ. ತಲೆ ತೊಳೆಯುವಾಗ ಗ್ಲೌಸ್ ಹಾಕ್ಕೊಳ್ಳಿ. ವಾಸನೆ ಇಲ್ಲದ ಕ್ರೀಮ್ ಬರ್ಕೊಡ್ತೀನಿ.”

“ವಾಸನೇನೂ ಇಲ್ಲ, ತಣ್ಣಗೂ ಆಗಲ್ಲ ಅಂದ್ರೆ ಅದು ಕ್ರೀಮಾ, ಗೋಡೆಗೆ ಹಚ್ಚೋ ಸುಣ್ಣಾನಾ?”

“ಹಾಗಾದ್ರೆ ಪಂದ್ಯ ಕಟ್ಟಿ. ಎಡಗೈಗೆ ನಿಮ್ಮದು, ಬಲಗೈಗೆ ನಂದು. ಗ್ಲೌಸ್ ಮಾತ್ರ ಎರಡಕ್ಕೂ.”

ಪಂದ್ಯಕ್ಕೆ ನಾನು ಅಂಪೈರು. ಡಬ್ಬಿಗಳ ಬೆನ್ನಿನ ಇರುವೆಯಂಥ ಅಕ್ಷರ ಓದುವ ಕೆಲಸವೂ ನನ್ನದೇ, ಏಕೆಂದರೆ ದೊಡ್ಡಮ್ಮನ ಕನ್ನಡಕ ಬೇಕಾದಾಗ ಸಿಗುವುದಿಲ್ಲ.

“ಎರಡರಲ್ಲೂ ಪ್ಯಾಂಥೆನಾಲ್ ಇದೆ, ಅಲಾಂಟೊಯಿನ್ ಇದೆ,” ಎಂದೆ.

“ನೋಡಿದ್ಯಾ! ಡಾಕ್ಟರಿಗೆ ಹೇಳು!”

“ಪೂರ್ತಿ ಕೇಳು ದೊಡ್ಡಮ್ಮ. ನಿಂದ್ರಲ್ಲಿ ಮೆಂಥಾಲ್, ಸುಗಂಧ ಎರಡೂ ಇವೆ. ಅವರದ್ರಲ್ಲಿ ಅವಿಲ್ಲ, ನುಣ್ಣಗೆ ಪುಡಿ ಮಾಡಿದ ಓಟ್ಸ್ ಇದೆ.”

“ಓಟ್ಸಾ? ನಾನೇನು ತಿಂಡಿ ಕೇಳಿದ್ನಾ?”

ಅಂದಿನಿಂದ ಅವಳು ತನ್ನ ಎಡಗೈ ಗೆಲ್ಲಲಿ ಎಂದು ಟೊಂಕ ಕಟ್ಟಿ ನಿಂತಳು. ಮೋಸವನ್ನೂ ಮಾಡಿದಳು. ನಾನು ಅತ್ತ ತಿರುಗಿದರೆ ಎಡಗೈಗೆ ಇನ್ನೊಂದು ಸಲ ಬಳಿದುಕೊಳ್ಳುತ್ತಿದ್ದಳು, ಅದೂ ಮಣಿಕಟ್ಟಿನವರೆಗೆ. ಬಲಗೈಗೆ ಮಾತ್ರ ಮಲಮಗಳಿಗೆ ಬಡಿಸುವಂತೆ ಅಳೆದು ಹಚ್ಚುತ್ತಿದ್ದಳು.

ಮುಂದಿನ ಸಲ ಡಾಕ್ಟರು ಬಂದಾಗ ಬಲಗೈಯ ಬಿರುಕುಗಳು ಮುಚ್ಚಿಕೊಳ್ಳುತ್ತಿದ್ದವು. ಎಡಗೈಯ ಕೆಂಪು ಮಾತ್ರ ಬೆರಳು ದಾಟಿ, ಕದ್ದು ಹಚ್ಚಿದಷ್ಟು ದೂರಕ್ಕೂ, ಮಣಿಕಟ್ಟಿನವರೆಗೂ ಏರಿತ್ತು. ದೊಡ್ಡಮ್ಮ ಅದನ್ನು ಸೆರಗಿನಲ್ಲಿ ಮುಚ್ಚಿಟ್ಟಳು. ನಾನು ಎಳೆದು ತೋರಿಸಿದೆ.

“ಆದ್ರೆ ಹಚ್ಚಿದ ತಕ್ಷಣ ತಣ್ಣಗಾಗುತ್ತಲ್ಲ, ಡಾಕ್ಟ್ರೇ?” ಅವಳ ದನಿ ಇಳಿದಿತ್ತು.

“ಅದು ಮೆಂಥಾಲ್ ಕೊಡೋ ತಂಪು. ತಣ್ಣಗನ್ಸುತ್ತೆ ಅಷ್ಟೇ, ಒಳಗಿನ ಉರಿ ಹಾಗೇ ಇರುತ್ತೆ. ಪ್ಯಾಂಥೆನಾಲ್ ಚರ್ಮದಲ್ಲಿ ನೀರು ಹಿಡಿದಿಡುತ್ತೆ, ಅಲಾಂಟೊಯಿನ್ ಮೃದು ಮಾಡುತ್ತೆ, ಓಟ್ಸ್ ನವೆ ತಗ್ಗಿಸುತ್ತೆ. ನಿಮ್ಮ ಡಬ್ಬೀಲಿ ಒಳ್ಳೇ ಪದಾರ್ಥಾನೂ ಇದೆ. ಆದ್ರೆ ಬಿರಿದ ಚರ್ಮಕ್ಕೆ ಮೆಂಥಾಲ್, ಸುಗಂಧ ಬಿದ್ರೆ ಕೆರಳಿಸ್ತವೆ. ಎಲ್ಲರಿಗೂ ಹೀಗಾಗಬೇಕು ಅಂತಿಲ್ಲ, ನಿಮಗಾಗಿದೆ. ಶಾಂತಿ ಅಂತ ಮೇಲೆ ಬರೆದಿರೋದನ್ನ ನಂಬಬೇಡಿ, ಹಿಂದೆ ಓದಿ. ಆಮೇಲೆ ಕೈಯನ್ನೇ ಕೇಳಿ, ಆದ್ರೆ ಕೆಲವು ದಿನ ಬಿಟ್ಟು.”

ದೊಡ್ಡಮ್ಮ ಡಬ್ಬಿ ತಿರುಗಿಸಿ ಬೆನ್ನಿನ ಅಕ್ಷರಗಳ ಮೇಲೆ ಬೆರಳಾಡಿಸಿದಳು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಇಷ್ಟು ವರ್ಷ ಎಷ್ಟೋ ಜನರಿಗೆ “ತಣ್ಣಗಾಯ್ತಾ?” ಎಂದು ಕೇಳಿಯೇ ಕ್ರೀಮು ಮಾರಿದವಳು ಅವಳು.

ಎಡಗೈಗೂ ಸಪ್ಪೆ ಕ್ರೀಮು ಬಂತು. ವಾರಗಳು ಹಿಡಿದವು. ಗ್ಲೌಸನ್ನು ಬೈಯುತ್ತಲೇ ಹಾಕಿಕೊಂಡಳು. ಎರಡೂ ಕೈ ನುಣುಪಾದ ಮೇಲೆ, ಹೆಡ್‌ಮೇಡಂ ಮನೆಗೆ ತಾನೇ ಹೋಗಿ ಕರೆದುಬಂದಳು. ಆ ಹಟಮಾರಿ ಹೆಣ್ಣು ಯಾರ ಮನೆ ಬಾಗಿಲಿಗಾದರೂ ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಫೇಶಿಯಲ್ ಮುಗಿಯುವಷ್ಟರಲ್ಲಿ ಹೆಡ್‌ಮೇಡಂಗೆ ಜೊಂಪು ಹತ್ತಿತ್ತು. ಎದ್ದು ಕೆನ್ನೆ ಮುಟ್ಟಿಕೊಂಡು, “ಶುರು ಮಾಡೇ ಇಲ್ವಾ?” ಎಂದರು.

“ಮುಗೀತು ಮೇಡಂ.”

“ನಿನ್ನ ಕೈ ತಾಗಿದ್ದೇ ಗೊತ್ತಾಗ್ಲಿಲ್ಲವಲ್ಲೇ!”

ಮೂರು ಕುರ್ಚಿಯ ಜನರಿಗೂ ಕೇಳಿಸುವಂತೆ ಬದುಕಿದ ನಮ್ಮ ದೊಡ್ಡಮ್ಮ ಒಂದು ಮಾತೂ ಆಡದೆ ಪರದೆಯ ಹಿಂದೆ ಹೋದಳು. ಹಿಂದೆಯೇ ಹೋಗಿ ನೋಡಿದೆ. ಎರಡೂ ಅಂಗೈಗಳನ್ನು ಕೆನ್ನೆಗೆ ಒತ್ತಿಕೊಂಡು ಅಳುತ್ತಿದ್ದಳು.